ಅನ್ನ ಬೇಯಲು ಎಷ್ಟು, ಬಿಸಿಯಾಗಿರಲು ಎಷ್ಟು?

ಊರು ಬಿಟ್ಟು ಕೇರಳಕ್ಕೆ ಬಂದು ಕೊಚ್ಚಿಯಲ್ಲಿಯೋ ತಿರುವನಂತಪುರದಲ್ಲಿಯೋ ಕೋಣೆ ಹಿಡಿದಿರುವ ನಮ್ಮವರಲ್ಲಿ ಬಹುಮಂದಿಯ ಮನೆಯಲ್ಲಿ ಈಗ ವಿದ್ಯುತ್ತಿನ ರೈಸ್ ಕುಕ್ಕರ್ ಉಂಟು. ಬೆಳಿಗ್ಗೆ ಒಮ್ಮೆ ಅಕ್ಕಿ ಹಾಕಿದರೆ ರಾತ್ರಿಯವರೆಗೆ ಬಿಸಿ ಅನ್ನ ಸಿಗುತ್ತದೆ. ಎರಡು ಸಲ ಬೇಯಿಸುವ ಶ್ರಮವೂ ಇಲ್ಲ, ಕರೆಂಟೂ ಉಳಿಯಿತು ಎಂಬುದು ಸಾಮಾನ್ಯವಾದ ನಂಬಿಕೆ. ಶ್ರಮ ಉಳಿಯುವುದು ನಿಜ. ಕರೆಂಟು ಉಳಿಯುತ್ತದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡುವುದೇ ಈ ಪಾಠದ ಉದ್ದೇಶ. ಇದಕ್ಕೆ ಕೂಡಿಸುವುದು, ಗುಣಿಸುವುದು ಇಷ್ಟು ಬಂದರೆ ಸಾಕು.

ಮೊದಲು ಒಂದು ಮಾತನ್ನು ನೆನಪಿನಲ್ಲಿಡಬೇಕು. ಸಾವಿರ ವ್ಯಾಟಿನ ಉಪಕರಣವು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಎಂದರೆ ಬಿಲ್ಲಿಗೆ ಬೇಕಾದುದು ಎರಡು ಸಂಗತಿ: ಎಷ್ಟು ಜೋರಾಗಿ ಉರಿಯಿತು, ಎಷ್ಟು ಹೊತ್ತು ಉರಿಯಿತು. ನಮ್ಮ ಕಣ್ಣು ಮೊದಲನೆಯದನ್ನು ನೋಡುತ್ತದೆ, ಎರಡನೆಯದನ್ನು ಮರೆಯುತ್ತದೆ. ಕುಕ್ಕರಿನ ಲೆಕ್ಕ ತಪ್ಪುವುದು ಇಲ್ಲಿಯೇ.

ಕುಕ್ಕರಿನ ಒಳಗೆ ಏನು ನಡೆಯುತ್ತದೆ?

ಜಪಾನಿನ ತೋಷಿಬಾ ಕಂಪನಿಯು ತಾನೇ ನಿಲ್ಲುವ ರೈಸ್ ಕುಕ್ಕರನ್ನು ಮೊದಲು ಮಾರಾಟಕ್ಕೆ ತಂದದ್ದು 1955ರಲ್ಲಿ. ಅದನ್ನು ರೂಪಿಸಿದವರು ಯೋಶಿತದ ಮಿನಾಮಿ ಎಂಬವರು; ದಿನವೂ ಅನ್ನ ಬೇಯಿಸಿ, ಅಳೆದು, ಬರೆದಿಟ್ಟು ಪರೀಕ್ಷೆ ನಡೆಸಿದವರು ಅವರ ಪತ್ನಿ ಫುಮಿಕೊ. ಆ ಕುಕ್ಕರು ಅನ್ನವನ್ನು ಬೇಯಿಸಿ ಸುಮ್ಮನೆ ಆರಿಹೋಗುತ್ತಿತ್ತು. ಬಿಸಿಯಾಗಿ ಕಾಯ್ದಿಡುವ ಏರ್ಪಾಡು ಆಮೇಲೆ ಬಂದದ್ದು. ಆದ್ದರಿಂದ ಬೇಯಿಸುವುದು, ಕಾಯ್ದಿಡುವುದು ಇವು ಒಂದೇ ಪಾತ್ರೆಯಲ್ಲಿ ನಡೆಯುವ ಎರಡು ಬೇರೆ ಬೇರೆ ಕೆಲಸಗಳು.

ಈಗ ನಮ್ಮ ಮನೆಗಳಲ್ಲಿರುವ ಸಾದಾ ಕುಕ್ಕರಿನಲ್ಲಿ, ಪಾತ್ರೆಯ ತಳಕ್ಕೆ ಒತ್ತಿಕೊಂಡು ಒಂದು ಅಯಸ್ಕಾಂತವಿರುತ್ತದೆ. ನಾವು ಸ್ವಿಚ್ಚಿನ ಹಿಡಿಯನ್ನು ಕೆಳಗೆ ಒತ್ತಿದಾಗ ಅದು ಹಿಡಿಯನ್ನು ಕಚ್ಚಿಕೊಳ್ಳುತ್ತದೆ. ದೊಡ್ಡ ಹೀಟರು ಉರಿಯುತ್ತದೆ. ಪಾತ್ರೆಯಲ್ಲಿ ನೀರು ಇರುವವರೆಗೆ ತಳದ ಉಷ್ಣತೆ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಹೆಚ್ಚಾದ ಶಾಖವೆಲ್ಲ ಆವಿಯ ರೂಪದಲ್ಲಿ ಹೊರಗೆ ಹೋಗುತ್ತದೆ. ಅಕ್ಕಿಯು ನೀರನ್ನೆಲ್ಲ ಹೀರಿಕೊಂಡ ಮೇಲೆ ತಳದ ಉಷ್ಣತೆ ಏರತೊಡಗುತ್ತದೆ. ಅದು 103 ಡಿಗ್ರಿಯ ಆಸುಪಾಸಿಗೆ ಬಂದಾಗ ಆ ಬಗೆಯ ಅಯಸ್ಕಾಂತದ ಸೆಳೆತ ಕುಂದುತ್ತದೆ, ಸ್ಪ್ರಿಂಗು ಹಿಡಿಯನ್ನು ಮೇಲಕ್ಕೆ ಚಿಮ್ಮಿಸುತ್ತದೆ, ‘ಟಕ್’ ಎಂಬ ಸದ್ದು ಕೇಳಿಸುತ್ತದೆ.

ಆ ಸದ್ದು ಕೇಳಿದೊಡನೆ ಕೆಲಸ ಮುಗಿಯಿತೆಂದು ನಾವು ಭಾವಿಸುತ್ತೇವೆ. ಅಡಿಗೆಯ ಕೆಲಸ ಮುಗಿದದ್ದು ಹೌದು. ಕರೆಂಟಿನ ಕೆಲಸ ಮುಗಿಯಲಿಲ್ಲ. ದೊಡ್ಡ ಹೀಟರು ನಿಂತೊಡನೆ ಕಾಯ್ದಿಡುವ ದೀಪ ಹೊತ್ತಿಕೊಳ್ಳುತ್ತದೆ. ಕೆಲವು ಕುಕ್ಕರುಗಳಲ್ಲಿ ಒಂದು ಚಿಕ್ಕ ಹೀಟರು ಸಣ್ಣಗೆ ಬಿಡದೆ ಉರಿಯುತ್ತದೆ. ಇನ್ನು ಕೆಲವದರಲ್ಲಿ ಅನ್ನ ಸ್ವಲ್ಪ ಆರಿದಾಗ ಹೀಟರು ಹೊತ್ತಿ, ಬಿಸಿಯಾದಾಗ ಆರಿ, ಹೀಗೆ ಸರದಿಯಾಗಿ ನಡೆಯುತ್ತದೆ. ಎರಡರಲ್ಲಿಯೂ ಪಾತ್ರೆಯ ಮೈಯಿಂದ ಗಾಳಿಗೆ ಸೋರಿಹೋಗುವ ಶಾಖವನ್ನು ಗಳಿಗೆಗಳಿಗೆಗೂ ತುಂಬಿಕೊಡುವುದೇ ಕೆಲಸ. ಇದು ತೂತುಳ್ಳ ಕೊಡಕ್ಕೆ ನೀರು ಹೊಯ್ಯುತ್ತಾ ನಿಂತಂತೆ. ಸಾದಾ ಕುಕ್ಕರುಗಳಲ್ಲಿ ಈ ಖರ್ಚು ಸರಾಸರಿ 30ರಿಂದ 60 ವ್ಯಾಟಿನವರೆಗೆ ಇರುವುದು ಸಾಮಾನ್ಯ.

ಕೊಚ್ಚಿಯ ಒಂದು ಕೋಣೆಯ ಲೆಕ್ಕ

ಕೊಚ್ಚಿಯ ಕಡವಂತ್ರದಲ್ಲಿ ನಾಲ್ವರು ಗುಮಾಸ್ತರು ಒಂದು ಮನೆ ಹಿಡಿದಿದ್ದಾರೆ ಎಂದಿಟ್ಟುಕೊಳ್ಳೋಣ. ಅವರದು 700 ವ್ಯಾಟಿನ, 1.8 ಲೀಟರಿನ ಸಾದಾ ಕುಕ್ಕರು. ಬೆಳಿಗ್ಗೆ 6 ಗಂಟೆಗೆ 600 ಗ್ರಾಂ ಸೋನಾ ಮಸೂರಿ ಅಕ್ಕಿಯನ್ನು ತೊಳೆದು, 1.2 ಲೀಟರ್ ನೀರು ಹಾಕಿ ಹಿಡಿಯನ್ನು ಒತ್ತುತ್ತಾರೆ. ಸುಮಾರು 24 ನಿಮಿಷಕ್ಕೆ ‘ಟಕ್’ ಎನ್ನುತ್ತದೆ. 700 ವ್ಯಾಟು 24 ನಿಮಿಷ ಉರಿದರೆ 0.28 ಯೂನಿಟ್ಟು. ಇದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಭಾಗ ಅಕ್ಕಿ ನೀರುಗಳನ್ನು ಕುದಿಯುವ ಮಟ್ಟಕ್ಕೆ ತರಲು ಹಿಡಿಯುತ್ತದೆ. ಹೆಚ್ಚುಕಡಿಮೆ ಅಷ್ಟೇ ಭಾಗ ಆವಿಯಾಗಿ ಹೋಗುತ್ತದೆ. ಉಳಿದ ಚೂರು ಪಾತ್ರೆಗೂ ಸುತ್ತಲಿನ ಗಾಳಿಗೂ ಸಲ್ಲುತ್ತದೆ.

ಎಂಟು ಗಂಟೆಗೆ ಒಂದಿಷ್ಟು ಉಂಡು, ಒಂದಿಷ್ಟು ಡಬ್ಬಿಗೆ ತುಂಬಿಕೊಂಡು ಎಲ್ಲರೂ ಕೆಲಸಕ್ಕೆ ಹೊರಡುತ್ತಾರೆ. ಉಳಿದ ಅರ್ಧ ಅನ್ನ ಕುಕ್ಕರಿನಲ್ಲಿಯೇ ಬಿಸಿಯಾಗಿರುತ್ತದೆ. ರಾತ್ರಿ 9 ಗಂಟೆಗೆ ಅದರ ಊಟ. ಕಾಯ್ದಿಟ್ಟ ಹೊತ್ತು ಹದಿನಾಲ್ಕೂವರೆ ಗಂಟೆ. ಕಾಯ್ದಿಡುವ ಖರ್ಚು ಸರಾಸರಿ 40 ವ್ಯಾಟ್ ಎಂದು ಹಿಡಿದರೆ ಗಂಟೆಗೆ 0.04 ಯೂನಿಟ್ಟು, ಹದಿನಾಲ್ಕೂವರೆ ಗಂಟೆಗೆ 0.58 ಯೂನಿಟ್ಟು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಬೇಯಿಸಲು 0.28, ಬಿಸಿಯಾಗಿಡಲು 0.58. ಕುಕ್ಕರಿನ ಒಟ್ಟು ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು, ಅನ್ನ ಬೆಂದ ಮೇಲೆ ಆದ ಖರ್ಚು. ಏಳು ಗಂಟೆ ಕಾಯ್ದಿಟ್ಟರೆ ಇನ್ನೊಮ್ಮೆ ಅಷ್ಟೇ ಅಕ್ಕಿಯನ್ನು ಹೊಸದಾಗಿ ಬೇಯಿಸಿದಷ್ಟು ಆಯಿತು.

ಇಷ್ಟರಲ್ಲಿಯೇ ನಿಲ್ಲುವುದಿಲ್ಲ. ಅನೇಕ ಸಾದಾ ಕುಕ್ಕರುಗಳಲ್ಲಿ ಪ್ಲಗ್ಗು ಸಿಕ್ಕಿಸಿ ಗೋಡೆಯ ಸ್ವಿಚ್ಚು ಹಾಕಿದೊಡನೆ, ಹಿಡಿಯನ್ನು ಒತ್ತದಿದ್ದರೂ, ಕಾಯ್ದಿಡುವ ಹೀಟರು ಕೆಲಸಕ್ಕೆ ತೊಡಗುತ್ತದೆ. ಊಟ ಮುಗಿಸಿ ಪಾತ್ರೆ ತೊಳೆದು ಮತ್ತೆ ಒಳಗಿಟ್ಟು ಸ್ವಿಚ್ಚನ್ನು ಹಾಗೆಯೇ ಬಿಟ್ಟು ಮಲಗಿದರೆ, ಬರಿಯ ಪಾತ್ರೆ ಬೆಳಗಿನವರೆಗೆ ಕಾಯುತ್ತಿರುತ್ತದೆ. ಆಗ ಹಗಲುರಾತ್ರಿ ಸೇರಿ ಕಾಯ್ದಿಟ್ಟ ಖರ್ಚು 0.94 ಯೂನಿಟ್ಟಿಗೆ ಮುಟ್ಟುತ್ತದೆ. ಅನ್ನ ಬೇಯಿಸಿದ ಪಾಲು ಇಡೀ ದಿನದ ಖರ್ಚಿನ ಕಾಲುಭಾಗಕ್ಕೂ ಕಡಿಮೆಯಾಗುತ್ತದೆ. ಚಿಕ್ಕ ದೀಪ ಉರಿಯುತ್ತಿದ್ದರೆ ಕರೆಂಟು ಹೋಗುತ್ತಿದೆ ಎಂದೇ ತಿಳಿಯತಕ್ಕದ್ದು.

ಎರಡು ಸಲ ಬೇಯಿಸಿದರೆ?

ಈಗ ಅದೇ ನಾಲ್ವರು ಬೆಳಿಗ್ಗೆ 300 ಗ್ರಾಂ, ರಾತ್ರಿ 300 ಗ್ರಾಂ ಎಂದು ಎರಡು ಸಲ ಬೇಯಿಸುತ್ತಾರೆಂದು ಭಾವಿಸೋಣ. ಅರ್ಧ ಅಕ್ಕಿಗೆ ಅರ್ಧ ಕರೆಂಟು ಸಾಲುವುದಿಲ್ಲ. ಪಾತ್ರೆಯನ್ನೂ ಹೀಟರಿನ ತಟ್ಟೆಯನ್ನೂ ಎರಡು ಸಲ ಕಾಯಿಸಬೇಕಾಗುತ್ತದೆ. ಆದುದರಿಂದ ಒಂದು ಸಲಕ್ಕೆ 0.17 ಯೂನಿಟ್ಟಿನಂತೆ, ಎರಡು ಸಲಕ್ಕೆ 0.34 ಎಂದು ಹಿಡಿಯಬಹುದು. ಒಟ್ಟಿಗೆ ಬೇಯಿಸಿದ್ದಕ್ಕಿಂತ ಇದು 0.06 ಮಾತ್ರ ಹೆಚ್ಚು. ಕಾಯ್ದಿಡುವ ಹೀಟರಿಗೆ ಈ 0.06 ಯೂನಿಟ್ಟು ಒಂದೂವರೆ ಗಂಟೆಯ ಮೇವು. ಎಂದರೆ, ಒಂದೇ ಸಲ ಬೇಯಿಸಿ ಉಳಿಸಿದ ಕರೆಂಟನ್ನು ಕುಕ್ಕರು ಒಂದೂವರೆ ಗಂಟೆಯಲ್ಲಿ ತಿಂದು ಮುಗಿಸುತ್ತದೆ. ಆಮೇಲೆ ನಡೆಯುವುದೆಲ್ಲ ನಷ್ಟವೇ.

ಎರಡು ಊಟಕ್ಕೂ ಕೂಡಿ ಎರಡು ಗಂಟೆ ಬಿಸಿಯಾಗಿಟ್ಟರೂ ದಿನದ ಒಟ್ಟು 0.42 ಯೂನಿಟ್ಟು ಮಾತ್ರ. ಮೊದಲಿನ 0.86ಕ್ಕೆ ಹೋಲಿಸಿದರೆ ಅರ್ಧದಷ್ಟು. ದಿನಕ್ಕೆ 0.44ರಂತೆ ಎರಡು ತಿಂಗಳಿಗೆ ಸುಮಾರು 26 ಯೂನಿಟ್ಟು ಉಳಿಯುತ್ತದೆ.

ಇಪ್ಪತ್ತಾರು ಯೂನಿಟ್ಟು ಏನು ಮಹಾ ಎಂದು ಕೇಳಬಹುದು. ಕೇರಳದಲ್ಲಿ ಮನೆಬಳಕೆಯ ಬಿಲ್ಲು ಬರುವ ರೀತಿಯನ್ನು ಇಲ್ಲಿ ತಿಳಿದಿರಬೇಕು. ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗವು ಗೊತ್ತುಮಾಡಿದ ದರಪಟ್ಟಿಯಲ್ಲಿ, ತಿಂಗಳಿಗೆ 250 ಯೂನಿಟ್ಟಿನವರೆಗೆ ಮೆಟ್ಟಿಲುಮೆಟ್ಟಿಲಾಗಿ ದರ ಏರುತ್ತದೆ. ಮೊದಲ ಮೆಟ್ಟಿಲಿನ ಯೂನಿಟ್ಟುಗಳಿಗೆ ಕಡಿಮೆ ದರವೇ ಉಳಿಯುತ್ತದೆ. ಬಳಕೆ ತಿಂಗಳಿಗೆ 250ನ್ನು ದಾಟಿತೋ, ಆ ರಿಯಾಯಿತಿ ಹೋಗಿ, ಮೊದಲನೆಯ ಯೂನಿಟ್ಟಿನಿಂದಲೇ ಎಲ್ಲಕ್ಕೂ ಒಂದೇ ದರ ಬೀಳುತ್ತದೆ. ಸಾಮಾನ್ಯವಾಗಿ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಬಿಲ್ಲಿನ ಮೇಲೆ ಈ ಗಡಿ 500 ಯೂನಿಟ್ಟು. ನಮ್ಮ ನಾಲ್ವರ ಮನೆಯಲ್ಲಿ ಬೇಸಗೆಯ ಫ್ಯಾನು, ಫ್ರಿಜ್ಜು, ಇಸ್ತ್ರಿ ಎಲ್ಲ ಸೇರಿ 510 ಯೂನಿಟ್ಟು ಬಂದಿತೆಂದರೆ, ಗಡಿ ದಾಟಿದ ಹತ್ತು ಯೂನಿಟ್ಟಿಗಾಗಿ ಹಿಂದಿನ ಐನೂರಕ್ಕೂ ದಂಡ ತೆತ್ತ ಹಾಗಾಗುತ್ತದೆ. ಕುಕ್ಕರಿನ 26 ಉಳಿದಿದ್ದರೆ ಅದು 484ರಲ್ಲಿ ನಿಲ್ಲುತ್ತಿತ್ತು. ಎಲ್ಲರ ಮನೆಯೂ ಈ ಗಡಿಯಲ್ಲಿ ಇರುವುದಿಲ್ಲ. ಇದ್ದವರಿಗೆ ಇದು ಸಣ್ಣ ವಿಷಯವಲ್ಲ. ತಮ್ಮ ಹಿಂದಿನ ಬಿಲ್ಲನ್ನು ತೆಗೆದು ನೋಡಿದರೆ ತಾವು ಎಲ್ಲಿದ್ದೇವೆಂಬುದು ತಿಳಿಯುತ್ತದೆ.

ಸ್ವಿಚ್ಚು ಆರಿಸಿ ಹೋಗಬಹುದೇ?

ಇಷ್ಟು ಓದಿದವರು, ಹಾಗಾದರೆ ಬೆಳಿಗ್ಗೆ ಸ್ವಿಚ್ಚು ಆರಿಸಿ ಅನ್ನವನ್ನು ಮುಚ್ಚಿಟ್ಟು ಹೋದರಾಯಿತು ಎಂದುಕೊಳ್ಳಬಾರದು. ಇದರಲ್ಲಿ ಅಪಾಯವುಂಟು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಇರಬಹುದು. ಅವು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಬಿಸಿಯಾಗಿದ್ದರೆ ಅವು ಬೆಳೆಯಲಾರವು. ಅದಕ್ಕಿಂತ ಆರಿ ಉಗುರುಬೆಚ್ಚಗಾದರೆ ಮೊಳೆತು ಬೆಳೆಯುತ್ತವೆ, ಅವುಗಳಲ್ಲಿ ಕೆಲವು ವಾಂತಿ ತರಿಸುವ ನಂಜನ್ನು ಕೂಡಿಡುತ್ತವೆ. ಆ ನಂಜು ಮತ್ತೆ ಕುದಿಸಿದರೂ ಹೋಗುವುದಿಲ್ಲ. ಕೊಚ್ಚಿಯ ಸೆಕೆಯಲ್ಲಿ ಮುಚ್ಚಿದ ಕುಕ್ಕರು ಆ ಜೀವಿಗಳಿಗೆ ಹಿತವಾದ ಮನೆ.

ಆದುದರಿಂದ ಅನ್ನಕ್ಕೆ ಎರಡೇ ಸುರಕ್ಷಿತ ಸ್ಥಾನಗಳು: ಚೆನ್ನಾಗಿ ಬಿಸಿ, ಇಲ್ಲವೇ ಚೆನ್ನಾಗಿ ತಣ್ಣಗೆ. ಫ್ರಿಜ್ಜು ಇದ್ದವರು ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ಒಂದು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ರಾತ್ರಿ ಬೇಕಾದಷ್ಟನ್ನು ಮಾತ್ರ ತೆಗೆದು, ನೀರು ಚಿಮುಕಿಸಿ, ಹಬೆಯಾಡುವವರೆಗೆ ಬಿಸಿಮಾಡಬೇಕು. ಇದಕ್ಕೆ ಎರಡು ಗಂಟೆ ಕಾಯ್ದಿಡುವಷ್ಟು ಕರೆಂಟೂ ಬೇಕಾಗದು. ಫ್ರಿಜ್ಜು ಇಲ್ಲದವರಿಗೆ ಎರಡು ಸಲ ಬೇಯಿಸುವುದೇ ದಾರಿ. ಬೆಂದೊಡನೆ ಸ್ವಿಚ್ಚು ಆರಿಸಿ ಮುಚ್ಚಳ ತೆರೆಯದಿದ್ದರೆ, ತುಂಬಿದ ಕುಕ್ಕರಿನ ಅನ್ನ ಸುಮಾರು ಒಂದು ಗಂಟೆ ಊಟಕ್ಕೆ ತಕ್ಕ ಬಿಸಿಯಲ್ಲಿರುತ್ತದೆ. ಅರ್ಧ ತುಂಬಿದ್ದು ಅದಕ್ಕಿಂತ ಬೇಗ ಆರುತ್ತದೆ. ಉಣ್ಣುವವರು ಮನೆಯಲ್ಲಿಯೇ ಇದ್ದರೆ ಕಾಯ್ದಿಡುವ ಹೀಟರಿನ ಹಂಗೇ ಬೇಡ.

ಇಡೀ ದಿನ ಕಾಯ್ದಿಡುವವರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಮಳೆಗಾಲದ ಮಧ್ಯಾಹ್ನ ಮೂರು ನಾಲ್ಕು ಗಂಟೆ ಕರೆಂಟು ಹೋಗಿ ಮತ್ತೆ ಬಂದರೆ ಸಾದಾ ಕುಕ್ಕರಿನ ದೀಪವೂ ಮತ್ತೆ ಹೊತ್ತುತ್ತದೆ. ಸಂಜೆ ಬಂದವನಿಗೆ ಅನ್ನ ಬೆಚ್ಚಗೆ ಕಾಣುತ್ತದೆ. ನಡುವೆ ಆರಿದ್ದು ಗೊತ್ತಾಗುವುದಿಲ್ಲ. ಅಂಥ ಅನ್ನಕ್ಕೆ ಯಾವಾಗಲೂ ಹಳಸಿದ ವಾಸನೆ ಬರಬೇಕೆಂದಿಲ್ಲ. ಹಗಲು ಕರೆಂಟು ಹೋಗಿತ್ತೇ ಎಂದು ನೆರೆಯವರನ್ನು ಕೇಳಿ ತಿಳಿದು, ಬಹಳ ಹೊತ್ತು ಹೋಗಿದ್ದರೆ ಆ ಅನ್ನವನ್ನು ಚೆಲ್ಲುವುದೇ ಸರಿ.

ಕುಚ್ಚಲಕ್ಕಿಯ ಮಾತು ಬೇರೆ

ಇದುವರೆಗೆ ಹೇಳಿದ್ದು ನೀರನ್ನೆಲ್ಲ ಹೀರಿ ಬೇಯುವ ಬೆಳ್ತಿಗೆ ಅಕ್ಕಿಯ ಲೆಕ್ಕ. ತಿರುವನಂತಪುರದಲ್ಲಿ ಸಂಸಾರ ಹೂಡಿರುವ ನಮ್ಮ ಕರಾವಳಿಯವರು ಅಲ್ಲಿನ ಮಟ್ಟ ಅಕ್ಕಿಯನ್ನು, ಊರಿನ ಕುಚ್ಚಲಕ್ಕಿಯಂತೆಯೇ, ತುಂಬಾ ನೀರಿನಲ್ಲಿ ಬೇಯಿಸಿ ಗಂಜಿ ಬಸಿಯುತ್ತಾರೆ. ಇದನ್ನು ಕುಕ್ಕರಿನಲ್ಲಿ ಮಾಡಿದರೆ ನೀರು ಇಂಗುವುದಿಲ್ಲ. ನೀರು ಇಂಗದೆ ಹಿಡಿ ಚಿಮ್ಮುವುದಿಲ್ಲ. ಅರ್ಧ ಕಿಲೋ ಅಕ್ಕಿ, ಎರಡು ಲೀಟರ್ ನೀರು ಎಂದರೆ ಕುದಿಯಲು ಹದಿನೇಳು ನಿಮಿಷ, ಬೇಯಲು ಇನ್ನು ನಲವತ್ತು ನಿಮಿಷ. ಆ ನಲವತ್ತು ನಿಮಿಷವೂ 700 ವ್ಯಾಟು ಉರಿದು ಒಟ್ಟು 0.67 ಯೂನಿಟ್ಟು ಆಗುತ್ತದೆ. ಅಕ್ಕಿ ಬೇಯಲು 100 ಡಿಗ್ರಿಯ ಹತ್ತಿರದ ಬಿಸಿ ಬೇಕು, ಅಷ್ಟೆ. ಕೊತಕೊತ ಕುದಿದರೆ ಬೇಗ ಬೇಯುವುದಿಲ್ಲ, ಅರ್ಧ ಲೀಟರಿಗೂ ಮಿಕ್ಕಿ ನೀರು ಆವಿಯಾಗುತ್ತದೆ.

ಕೇರಳದವರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಅದರ ಹೆಸರು ‘ಚೂಡಾರಾಪೆಟ್ಟಿ’. ಮಲಯಾಳದ ‘ಚೂಡು’ ಎಂದರೆ ಬಿಸಿ. ‘ಆರಾ’ ಎಂಬುದು ನಮ್ಮ ‘ಆರದ’. ಬಿಸಿ ಆರದ ಪೆಟ್ಟಿಗೆ. 1962ರಲ್ಲಿ ಸ್ಥಾಪಿತವಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಇದನ್ನು ಮನೆಮನೆಗೆ ಪರಿಚಯ ಮಾಡಿಕೊಟ್ಟಿದೆ. ಶಾಖ ಸೋರದಂತೆ ದಪ್ಪವಾಗಿ ಒಳಮೈ ಕಟ್ಟಿದ ಪೆಟ್ಟಿಗೆ ಅದು. ಅದರಲ್ಲಿ ಹೀಟರೂ ಇಲ್ಲ, ತಂತಿಯೂ ಇಲ್ಲ. ಅಕ್ಕಿಯನ್ನು ಯಾವುದಾದರೂ ಒಲೆಯ ಮೇಲೆ ಮುಚ್ಚಿದ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ, ಕುದಿಯುತ್ತಿರುವಾಗಲೇ ಪಾತ್ರೆಯನ್ನು ಪೆಟ್ಟಿಗೆಗೆ ಇಳಿಸಿ ಮುಚ್ಚಿಬಿಡಬೇಕು. ಒಂದು, ಒಂದೂವರೆ ಗಂಟೆಯಲ್ಲಿ ಅಕ್ಕಿ ತನ್ನಷ್ಟಕ್ಕೆ ಬೇಯುತ್ತದೆ. ದಪ್ಪ ಅಕ್ಕಿಗೆ ಇನ್ನಷ್ಟು ಹೊತ್ತು ಬೇಕಾಗಬಹುದು. ಮೇಲಿನ ಅಳತೆಗೆ ಒಲೆಯ ಕೆಲಸ 0.32 ಯೂನಿಟ್ಟಿನಷ್ಟು ಶಾಖದಲ್ಲಿ ಮುಗಿಯುತ್ತದೆ. ಕಾಯ್ದಿಡುವ ಖರ್ಚು ಸೊನ್ನೆ.

ಇದಕ್ಕೂ ಮಿತಿಯುಂಟು. ಪಾತ್ರೆ ತುಂಬಿರಬೇಕು, ಅರೆಪಾತ್ರೆ ಬೇಗ ಆರುತ್ತದೆ. ನಡುವೆ ಮುಚ್ಚಳ ತೆಗೆದು ನೋಡಬಾರದು. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನದ ಊಟಕ್ಕೆ ಸರಿ. ರಾತ್ರಿಯವರೆಗೆ ಅದನ್ನು ನೆಚ್ಚಿಕೊಳ್ಳಬಾರದು.

ತಮ್ಮ ಕುಕ್ಕರನ್ನು ತಾವೇ ಅಳೆಯುವ ಕ್ರಮ

ನಾವು ಹಿಡಿದ 40 ವ್ಯಾಟು ಎಲ್ಲರ ಕುಕ್ಕರಿಗೂ ಒಪ್ಪುವುದಿಲ್ಲ. ಮನೆಯ ಮೀಟರಿನಿಂದಲೇ ಸರಿಯಾದ ಅಂಕಿಯನ್ನು ಪಡೆಯಬಹುದು. ಮೀಟರಿನ ಮುಖದ ಮೇಲೆ `3200 imp/kWh` ಎಂದೋ `1600 imp/kWh` ಎಂದೋ ಬರೆದಿರುತ್ತದೆ. ಪಕ್ಕದ ಕೆಂಪು ದೀಪ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ಟು ಎಂದು ಅದರ ಅರ್ಥ.

ಅನ್ನ ಬೆಂದು ಒಂದು ಗಂಟೆಯಾದ ಮೇಲೆ, ಕುಕ್ಕರೊಂದನ್ನು ಬಿಟ್ಟು ಮನೆಯ ಫ್ಯಾನು, ದೀಪ, ಚಾರ್ಜರು, ಫ್ರಿಜ್ಜು ಎಲ್ಲವನ್ನೂ ಒಂದು ಗಂಟೆಯ ಮಟ್ಟಿಗೆ ಆರಿಸಿರಿ. ಫ್ರಿಜ್ಜಿನ ಬಾಗಿಲು ತೆರೆಯಬೇಡಿರಿ. ಆ ಒಂದು ಗಂಟೆಯಲ್ಲಿ ದೀಪ ಎಷ್ಟು ಸಲ ಮಿಣುಕಿತೆಂದು ಎಣಿಸಿರಿ. 3200ರ ಮೀಟರಿನಲ್ಲಿ 128 ಸಲ ಮಿಣುಕಿದರೆ 128ನ್ನು 3200ರಿಂದ ಭಾಗಿಸಿದಾಗ 0.04 ಬರುತ್ತದೆ, ಎಂದರೆ 40 ವ್ಯಾಟು. ಐದು ನಿಮಿಷ ಎಣಿಸಿ ಹನ್ನೆರಡರಿಂದ ಗುಣಿಸಿದರೆ ಆಗದೇ ಎಂದು ಕೇಳಬಹುದು. ಬಿಡದೆ ಉರಿಯುವ ಬಗೆಯ ಕುಕ್ಕರಿಗೆ ಆಗುತ್ತದೆ. ಹೊತ್ತಿ ಆರುವ ಬಗೆಯದಾದರೆ ಆ ಐದು ನಿಮಿಷ ಹೀಟರು ಮಲಗಿರಬಹುದು, ಇಲ್ಲವೇ ಪೂರ್ತಿ ಉರಿಯುತ್ತಿರಬಹುದು. ಎರಡೂ ಸಲ ಲೆಕ್ಕ ತಪ್ಪುತ್ತದೆ. ಮಿಣುಕು ಒಮ್ಮೆ ಬಿರುಸಾಗಿ, ಒಮ್ಮೆ ಪೂರ್ತಿ ನಿಲ್ಲುತ್ತಿದ್ದರೆ ತಮ್ಮದು ಈ ಎರಡನೆಯ ಬಗೆ ಎಂದು ತಿಳಿಯಬಹುದು. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಮೀಟರು ದೊರೆತರೆ ಎಣಿಸುವ ಶ್ರಮವೂ ಇಲ್ಲ, ಫ್ರಿಜ್ಜು ಆರಿಸುವುದೂ ಬೇಡ.

ಬಳಿಕ ಒಂದು ಕಾಗದದ ಮೇಲೆ ಮೂರು ಸಾಲು ಬರೆಯಿರಿ: ದಿನಕ್ಕೆ ಬೇಯಿಸಲು ಎಷ್ಟು ಯೂನಿಟ್ಟು, ಕಾಯ್ದಿಡಲು ಗಂಟೆಗೆ ಎಷ್ಟು, ದಿನಕ್ಕೆ ಎಷ್ಟು ಗಂಟೆ ಕಾಯ್ದಿಡುತ್ತೀರಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ, ಎಷ್ಟು ಗಂಟೆಗೆ ಇನ್ನೊಂದು ಅಡಿಗೆಯ ಖರ್ಚು ಬೀಳುತ್ತದೆ ಎಂಬುದು ಸಿಗುತ್ತದೆ. ಮೇಲಿನ ಕೋಣೆಯಲ್ಲಿ ಅದು ಏಳು ಗಂಟೆ. ನಿಮ್ಮ ಮೂರನೆಯ ಸಾಲು ಆ ಅಂಕಿಗಿಂತ ದೊಡ್ಡದಾಗಿದ್ದರೆ, ನಿಮ್ಮ ಮನೆಯಲ್ಲಿಯೂ ಅನ್ನ ಬೇಯಿಸುವುದಕ್ಕಿಂತ ಅದನ್ನು ಬಿಸಿಯಾಗಿಡುವುದಕ್ಕೇ ಹೆಚ್ಚು ಹಣ ಹೋಗುತ್ತಿದೆ.